ಹದಿನೆಂಟು ಸಾಲಿನ ನೋಟೀಸು

ನನ್ನ ಅಕ್ಷರ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಬೇಸಿಗೆಯ ಅವಾಂತರಕ್ಕೆ ಅರ್ಧ ಕಾರಣ ನನ್ನ ಅಕ್ಷರದ ಜಂಬ. ಉಳಿದ ಅರ್ಧವನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಸಿಂದಗಿಯಿಂದ ಮೋರಟಗಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯ ಸರ್ಕಾರಿ ದವಾಖಾನೆಯಲ್ಲಿ ನಾನು ಕಂಪೌಂಡರ್ ಆಗಿದ್ದೆ. ಡಾಕ್ಟರು ಒಬ್ಬರು, ನರ್ಸಬಾಯಿ ಒಬ್ಬರು, ನಾನು ಒಬ್ಬ. ಮೂರು ಖೋಲಿಯ ಹಳೆಯ ಮಣ್ಣಿನ ಮಾಳಿಗೆ ಮನೆ. ರೋಗಿಗಳು ಮನೆಯಿಂದಲೇ ಬಾಟಲಿ ತರುತ್ತಿದ್ದರು. ಎಣ್ಣೆಯದೋ, ಸಾರಾಯಿಯದೋ, ಯಾವುದಾದರೂ ಸರಿ. ಅದನ್ನು ತೊಳೆಯಲು ಹೇಳಿ, ಕೆಂಪು ನೀರಿನಂಥ ಔಷಧ ತುಂಬಿ, ಎಷ್ಟೆಷ್ಟು ಕುಡಿಯಬೇಕೆಂದು ತಿಳಿಯಲು ಕತ್ತರಿಯಿಂದ ಕಚ್ಚು ಹಾಕಿದ ಕಾಗದದ ಪಟ್ಟಿ ಅಂಟಿಸಿ ಕೊಡುವುದು ನನ್ನ ಕೆಲಸ. ಓದಲು ಬಾರದವರೂ ಆ ಕಚ್ಚು ನೋಡಿ ತಪ್ಪದೆ ಔಷಧ ಕುಡಿಯುತ್ತಿದ್ದರು. ಅದನ್ನು ದಿನವೂ ನೋಡುತ್ತಿದ್ದ ನನಗೆ ಅದರಿಂದ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಆ ವರ್ಷ ಯುಗಾದಿ ಮುಗಿದ ಮೇಲೆ ಮಾಳಿಗೆಯ ಒಂದು ತೊಲೆ ಜಗ್ಗಿತು. ಗೆದ್ದಲು ಹಿಡಿದಿತ್ತು. ಮೇಲಿಂದ ಮಣ್ಣು ಉದುರಿ ಒಂದು ದಿನ ಡಾಕ್ಟರರ ಮೇಜಿನ ಮೇಲೆ, ಇನ್ನೊಂದು ದಿನ ಪರೀಕ್ಷೆಗೆ ಅಂಗಿ ತೆಗೆದು ಕುಳಿತಿದ್ದ ಮುದುಕನ ಬೆನ್ನ ಮೇಲೆ ಬಿತ್ತು. ಡಾಕ್ಟರು ಬರೆದ ಕಾಗದಗಳಿಗೆ ಅಂತೂ ಉತ್ತರ ಬಂತು: ಮಳೆಗಾಲದೊಳಗೆ ಮಾಳಿಗೆ ಕಿತ್ತು ಹೊಸ ಛತ್ತು ಹಾಕಬೇಕು, ಒಂದೂವರೆ ತಿಂಗಳು ಕಟ್ಟಡ ಖಾಲಿ ಮಾಡಿಕೊಡಬೇಕು.

ಡಾಕ್ಟರು ಮೈಸೂರು ಕಡೆಯವರು, ಹೊಸಬರು. ಕೂತು ಯೋಚಿಸಿ ಎಲ್ಲ ವ್ಯವಸ್ಥೆ ಮಾಡಿದರು. ಸಣ್ಣಪುಟ್ಟ ಜಡ್ಡಿಗೆ ಬೆಳಿಗ್ಗೆ ಊರ ಚಾವಡಿಯಲ್ಲಿ ಔಷಧ. ಹೆರಿಗೆಗೆ ನರ್ಸಬಾಯಿ ಮನೆಗೇ ಬರುತ್ತಾರೆ. ಹಾವು ಕಡಿತ, ದೊಡ್ಡ ಗಾಯ, ವಾಂತಿಭೇದಿ, ಇಂಥ ತುರ್ತಿನದೆಲ್ಲ ಸಿಂದಗಿ ತಾಲ್ಲೂಕು ಆಸ್ಪತ್ರೆಗೆ. ಬಸ್ಸಿನ ವೇಳೆ ಇಂತಿಷ್ಟು. ಸೀಮೆಎಣ್ಣೆ ಫ್ರಿಜ್ಜನ್ನು ಚಾವಡಿಯ ಧೂಳಿನಲ್ಲಿ ಇಡುವಂತಿಲ್ಲ, ಆದ್ದರಿಂದ ಅದರಲ್ಲಿದ್ದ ಲಸಿಕೆಯೆಲ್ಲ ಭಾನುವಾರ ಮಧ್ಯಾಹ್ನ ಬರ್ಫದ ಡಬ್ಬಿಯಲ್ಲಿ ಸಿಂದಗಿಗೆ.

"ಒಂದು ನೋಟೀಸು ಬರೀರಿ. ಜನಕ್ಕೆ ಅರ್ಥ ಆಗೋ ಹಾಗಿರಲಿ" ಎಂದರು.

ನಾನು ಎರಡು ಸಂಜೆ ಕೂತೆ. 'ಸರ್ವ ರೋಗಿಗಳಿಗೆ ತಿಳಿಯಪಡಿಸುವುದೇನೆಂದರೆ' ಎಂದು ಶುರು ಮಾಡಿ, 'ದುರಸ್ತಿ ಕಾರ್ಯದ ನಿಮಿತ್ತ' ಎಂದು ಎತ್ತಿಕೊಂಡು, ಹದಿನೆಂಟು ಸಾಲು ಬರೆದೆ. ನೀಲಿ ಮಸಿಯಲ್ಲಿ ಅಕ್ಷರ, ಕೆಂಪು ಮಸಿಯಲ್ಲಿ ಅಡಿಗೆರೆ. ಒಂದನ್ನು ದವಾಖಾನೆ ಬಾಗಿಲಿಗೆ, ಒಂದನ್ನು ಚಾವಡಿಗೆ, ಒಂದನ್ನು ಬಸ್ಸು ನಿಲ್ಲುವ ಚಹಾದಂಗಡಿಗೆ ಅಂಟಿಸಿದೆ. ಸಾಲಿ ಮಾಸ್ತರರು ನಿಂತು ಓದಿ ಭೇಷ್ ಅಂದರು. ಇಡೀ ಊರಲ್ಲಿ ಅದನ್ನು ಪೂರ್ತಿ ಓದಿದವರು ಅವರೊಬ್ಬರೇ ಎಂದು ಆಮೇಲೆ ಗೊತ್ತಾಯಿತು.

ಡಾಕ್ಟರು ಇನ್ನೊಂದು ಕೆಲಸ ಹೇಳಿದ್ದರು. ಆಗ ಹುಚ್ಚುನಾಯಿ ಕಡಿದವರಿಗೆ ಹೊಟ್ಟೆಯ ಮೇಲೆ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ಒಂದು ದಿನವೂ ತಪ್ಪುವಂತಿಲ್ಲ, ಭಾನುವಾರವೂ ಅದಕ್ಕೆಂದೇ ಒಂದು ತಾಸು ಬಾಗಿಲು ತೆಗೆಯುತ್ತಿದ್ದೆವು. ಆ ವಾರ ಅಂಥವರು ಮೂರು ಜನ ಇದ್ದರು. ಅವರ ಹೆಸರು, ಎಷ್ಟು ಸೂಜಿ ಆಗಿದೆ, ಎಷ್ಟು ಬಾಕಿ ಎಂದು ಬರೆದು ಒಂದೊಂದು ಚೀಟಿ ಕೈಯಲ್ಲೇ ಕೊಟ್ಟು, ಸೋಮವಾರದಿಂದ ಸಿಂದಗಿಗೆ ಹೋಗಲು ಬಾಯಿಬಿಟ್ಟು ಹೇಳಬೇಕು. ಮೂರೇ ಜನರ ವಿಷಯವೆಂದು ನಾನದನ್ನು ನೋಟೀಸಿನಲ್ಲಿ ಸೇರಿಸಲಿಲ್ಲ. ಶನಿವಾರವೇ ಮೂರು ಚೀಟಿ ಬರೆದು ಬಿಳಿ ಕೋಟಿನ ಕಿಸೆಯಲ್ಲಿ ಇಟ್ಟುಕೊಂಡೆ.

ಆ ಮೂವರಲ್ಲಿ ಒಬ್ಬಳು ಕುರಿಗಾರರ ಹೆಣ್ಣುಮಗಳು. ಮೂವತ್ತರ ಆಸುಪಾಸು. ಗಂಡ, ಮಾವ, ಇನ್ನೂರು ಕುರಿ, ಇಷ್ಟು ಅವಳ ಸಂಸಾರ. ಬೇಸಿಗೆಯಲ್ಲಿ ಹೊಲದಿಂದ ಹೊಲಕ್ಕೆ ಹೋಗಿ ರಾತ್ರಿ ಕುರಿ ತರುಬುವುದು, ಅಂದರೆ ಹಿಂಡನ್ನು ಹೊಲದಲ್ಲೇ ಮಲಗಿಸುವುದು, ಅವರ ಕಸುಬು. ಹೊಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ಅದಕ್ಕೆ ಜೋಳ ಕೊಡುತ್ತಾರೆ. ಅವಳ ಹಿಂಡಿನ ನಾಯಿಗೇ ಹುಚ್ಚು ಹಿಡಿದಿತ್ತು. ಅಂಬಲಿ ಹಾಕಿದರೆ ನುಂಗಲಾರದೆ ಜೊಲ್ಲು ಸುರಿಸುತ್ತ ನಿಂತಿತಂತೆ.

"ಗಂಟಲಾಗ ಎಲುವು ಸಿಕ್ಕೇತಿ ಅಂತ ತಿಳಕೊಂಡು ಬಾಯಾಗ ಕೈ ಹಾಕೇನ್ರಿ. ನಾ ಸಾಕಿದ ನಾಯಿ, ನನ್ನ ಕಡೀತೈತಿ ಅಂತ ಹ್ಯಾಂಗ ಅನಕೋಬೇಕು?" ಎಂದಿದ್ದಳು ಮೊದಲ ದಿನ. ಎರಡು ದಿನಕ್ಕೆ ನಾಯಿ ಸತ್ತಿತ್ತು. ಅಂಗೈಯ ಗಾಯಕ್ಕಿಂತ ನಾಯಿ ಹೋದದ್ದಕ್ಕೇ ಅತ್ತಳು.

ನನಗೆ ಅವಳ ಬಗ್ಗೆ ಒಂದು ಕುತೂಹಲ. ಸೂಜಿ ಚುಚ್ಚಿಸಿಕೊಂಡು ಹೊರಗೆ ಬಂದವಳೇ ಸೊಂಟದಿಂದ ಒಂದು ಕರಿ ಉಣ್ಣೆಯ ದಾರ ತೆಗೆದು ಗಂಟು ಹಾಕುತ್ತಿದ್ದಳು. ದಿನಕ್ಕೊಂದು ಗಂಟು. ಹದಿನಾಲ್ಕು ಆದರೆ ಮುಗಿಯಿತು. ಆ ಔಷಧ ಕುರಿಯ ಮೆದುಳಿನಿಂದಲೇ ಮಾಡುವುದೆಂದು ನನಗೆ ಗೊತ್ತಿತ್ತು. ಕುರಿ ಕಾಯುವವಳಿಗೆ ಅದನ್ನು ಹೇಳಿದರೆ ಏನೆನ್ನುವಳೋ ಎಂದು ಬಾಯಿ ತುರಿಸುತ್ತಿತ್ತು. ಹೇಳಿದರೆ ಬರುವುದನ್ನೇ ಬಿಟ್ಟಾಳೆಂದು ಸುಮ್ಮನಿದ್ದೆ.

ಭಾನುವಾರ ಬಂತು. ಇಬ್ಬರು ಬೇಗ ಬಂದರು, ಚೀಟಿ ಕೊಟ್ಟೆ, ಹೇಳಿದೆ. ಆಮೇಲೆ ಬಾಟಲಿ ಕಟ್ಟುವ ಗಡಿಬಿಡಿ. ಅಷ್ಟರಲ್ಲಿ ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧದ ಬಾಟಲಿಯ ಬಿರಡೆ ಸಡಿಲಾಗಿ ನನ್ನ ಎರಡೂ ಕೈ ಮಣಿಕಟ್ಟಿನವರೆಗೆ ನೇರಳೆಯಾಯಿತು. ಸಾಬೂನು, ಬೂದಿ, ಯಾವುದಕ್ಕೂ ಹೋಗಲಿಲ್ಲ. ಅವಳು ಬಂದು ನರ್ಸಬಾಯಿಯಿಂದ ಆರನೆಯ ಸೂಜಿ ಹಾಕಿಸಿಕೊಂಡು ಹೊರಟವಳು ನನ್ನ ಕೈ ನೋಡಿ ನಕ್ಕಳು.

"ಸಾಹೇಬ್ರ, ನೇರಳೆಹಣ್ಣ ಇನ್ನೂ ಬಂದಿಲ್ಲಲ್ರಿ, ಎಲ್ಲಿ ತಿಂದ್ರಿ?"

ನನಗೆ ಸಿಟ್ಟು ಬಂತು. "ಹೋಗವ್ವ, ನಿನ್ನ ದಾರಿ ನೋಡ್ಕೊ" ಎಂದೆ. ಅವಳು ಗಂಟು ಹಾಕುತ್ತ ಹೋದಳು. ಅವಳ ಬೆನ್ನು ಕಾಣಿಸುತ್ತಿದ್ದಂತೆ ಏನೋ ಮರೆತ ಹಾಗನಿಸಿ ಕಿಸೆಗೆ ಕೈ ಹಾಕಿದೆ ಕೂಡ. ಅಷ್ಟರಲ್ಲಿ ಡಾಕ್ಟರು ಬರ್ಫದ ಡಬ್ಬಿ ಎಲ್ಲಿ ಎಂದು ಕೂಗಿದರು.

ಸೋಮವಾರದಿಂದ ಚಾವಡಿಯ ಸಂಸಾರ. ಅಲ್ಲಿಗೆ ಬರುವವರನ್ನು ನೋಡುವುದೇ ನನಗೊಂದು ಪಾಠವಾಯಿತು. ದವಾಖಾನೆಗೆ ಬರದಿದ್ದ ನಾಲ್ಕಾರು ಜನ ಚಾವಡಿಗೆ ಬಂದರು. ಮೆಟ್ಟಿಲು ಹತ್ತಬೇಕಿಲ್ಲ, ಚಪ್ಪಲಿ ಬಿಡಬೇಕಿಲ್ಲ ಎಂದು ಅವರ ಲೆಕ್ಕ. ದಿನಾ ಬರುತ್ತಿದ್ದ ಕೆಲವರು ಬರಲೇ ಇಲ್ಲ. ಹತ್ತು ಮಂದಿಯ ಎದುರಿಗೆ ಜಡ್ಡು ಹೇಳಿಕೊಳ್ಳಲು ನಾಚಿಕೆ. ಇದೆಲ್ಲ ನೋಟೀಸಿನಲ್ಲಿ ಹೇಗೆ ಬರೆಯುವುದು ಎಂದು ನಾನು ತಲೆ ಕೆಡಿಸಿಕೊಂಡು ಕೂತಿದ್ದೆ.

ಮಂಗಳವಾರ ಸಂಜೆಯ ಬಸ್ಸಿನ ಕಂಡಕ್ಟರ್ ಸಿಂದಗಿ ಆಸ್ಪತ್ರೆಯ ಕಂಪೌಂಡರ್ ಕೊಟ್ಟ ಕಾಗದ ತಂದ. 'ನಾಯಿ ಕಡಿತದವರು ಇಬ್ಬರೇ ಬಂದಿದ್ದಾರೆ. ನಿನ್ನೆಯೂ ಇಬ್ಬರು, ಇಂದೂ ಇಬ್ಬರು. ನಿಮ್ಮ ಡಾಕ್ಟರು ಮೂವರೆಂದು ಬರೆದಿದ್ದರು, ಮೂರನೆಯವರು ಎಲ್ಲಿ?'

ನಾನು ಮನೆಗೆ ಬಂದು ಗೂಟಕ್ಕೆ ತೂಗಿದ್ದ ಕೋಟಿನ ಕಿಸೆಗೆ ಕೈ ಹಾಕಿದೆ. ಚೀಟಿ ಬೆಚ್ಚಗೆ ಕುಳಿತಿತ್ತು. ಹುಚ್ಚುನಾಯಿ ರೋಗ ಬಂದವರನ್ನು ನಾನು ಒಮ್ಮೆ ನೋಡಿದ್ದೆ. ಬಂದ ಮೇಲೆ ಔಷಧವಿಲ್ಲ, ಸಾವೊಂದೇ. ಬರುವುದಕ್ಕೆ ಮುಂಚೆ, ಸೂಜಿಯ ಆ ಹದಿನಾಲ್ಕು ದಿನದಲ್ಲಿ ಏನಾದರೂ ಮಾಡಬೇಕು. ಅದರಲ್ಲಿ ಎರಡನ್ನು ನನ್ನ ಕಿಸೆ ತಿಂದಿತ್ತು.

ಚಾವಡಿಯಲ್ಲೇ ಇದ್ದ ಡಾಕ್ಟರ ಬಳಿ ಓಡಿದೆ. ಆದರೆ ನನ್ನ ಬಾಯಿಂದ ಹೊರಟದ್ದು ಬೇರೆಯೇ ಮಾತು: "ಆಕಿಗೆ ಸುದ್ದಿ ಮುಟ್ಟಿಲ್ಲ ಕಾಣಸತೈತ್ರಿ ಸರ್. ವಾಲಿಕಾರ ಡಂಗುರ ಸರಿಯಾಗಿ ಸಾರಿಲ್ಲ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ವಾಲಿಕಾರ ಊರ ಚಾಕರಿಯ ಮನುಷ್ಯ. ಊರಿಗೆ ತಿಳಿಸಬೇಕಾದ್ದನ್ನೆಲ್ಲ ಹಲಗೆ ಬಾರಿಸಿ ಸಾರುವುದು ಅವನ ಕೆಲಸ. ನೋಟೀಸು ಅಂಟಿಸಿದ ದಿನ ಡಾಕ್ಟರು ಅವನಿಗೂ ಸಾರಲು ಹೇಳಿದ್ದರು. ಅವನನ್ನು ಕರೆಸಿದರು. ಏನು ಸಾರಿದೆ, ಸಾರಿ ತೋರಿಸು ಎಂದರು. ಅವನು ಹಲಗೆ ಇಲ್ಲದೆ ಸಾರುವುದು ಹೇಗೆಂದು ಮನೆಗೆ ಹೋಗಿ ಹಲಗೆ ತಂದು, ಎದುರಿಗೆ ನಿಂತು ಬಾರಿಸಿ ಶುರು ಮಾಡಿದ:

"ಕೇಳ್ರಪೋ ಕೇಳ್ರಿ! ಸೋಮಾರದಿಂದ ಸರ್ಕಾರಿ ದವಾಖಾನಿ ಬಾಗಲಾ ಹಾಕ್ತಾರ, ಮಾಳಗಿ ಕಿತ್ತಿ ಹೊಸಾದ ಹಾಕ್ತಾರ! ಜೀವಕ್ಕ ಬಂದವ್ರು ಸಿಂದಗಿಗೆ ಹೋಗ್ರಿ! ಸಣ್ಣ ಜಡ್ಡಿನವ್ರು ಚಾವಡಿಗೆ ಬರ್ರಿ! ಉಳದವ್ರು ಬಾಗಲಾ ತಗಿಯೂತನಾ ತಡೀರಿ!"

"ಕೊನೇದು ಯಾರು ಹೇಳಿದ್ದು ನಿಂಗೆ?" ಎಂದರು ಡಾಕ್ಟರು.

"ಯಾರೂ ಹೇಳಿಲ್ರಿ. ಮಂದಿಗೆ ಒಂದು ಕಡೀ ಮಾತು ಬೇಕ್ರಿ."

"ನಾ ಹದಿನೆಂಟು ಸಾಲು ಬರದೇನಲ್ಲೋ!" ಎಂದು ನಾನು ಕೂಗಾಡಿದೆ.

"ಹದಿನೆಂಟ ಸಾಲ ಹಲಗಿ ಮ್ಯಾಲ ಬರೂದಿಲ್ರಿ ಸಾಹೇಬ್ರ. ನಾಕ ಮಾತು ಕೇಳೂತನಾ ನಿಂದರತಾರ, ಆಮ್ಯಾಲ ಎಮ್ಮಿ ಹಿಂದ ಹೋಗಿಬಿಡ್ತಾರ. ಮತ್ತ ನೀವರ ಯಾಕ ಆಕಿಗೆ ಹೇಳಲಿಲ್ರಿ, ದಿನಾ ನಿಮ್ಮ ಮುಂದ ಬರತಿದ್ದಳಲ್ಲ?"

ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. ಚಾವಡಿಯ ಮುಂದೆ ನಿಂತ ಹತ್ತಾರು ಜನ ಕೇಳಿದರು. ಅವನು ಹಲಗೆಯನ್ನು ಬಗಲಿಗೆ ಇಟ್ಟುಕೊಂಡು ಹೋದ. ಡಾಕ್ಟರು ನನ್ನ ಮುಖವನ್ನೇ ನೋಡಿದರು. "ಬೆಳಗಾಗ್ತಲೇ ಹೋಗಿ ಹುಡುಕಿ. ಸಿಂದಗಿಗೆ ಕರ್ಕೊಂಡು ಹೋಗಿ ಏಳನೇದು ಹಾಕ್ಸಿ. ಎರಡು ದಿನ ತಪ್ಪಿದೆ ಅಂತ ನಾನು ಅಲ್ಲಿಗೆ ಬರೆದುಕೊಡ್ತೀನಿ. ಇನ್ನೊಂದು ದಿನ ತಪ್ಪಬಾರದು" ಎಂದರು.

ಸ್ಥಿರವಾದ ಮನೆಯಿಲ್ಲದವರನ್ನು ಹುಡುಕುವುದು ಹೇಗೆ? ನನಗೆ ತಿಳಿದದ್ದು ಒಂದೇ, ಹೋದ ವಾರ ಅವರ ಕುರಿ ಹಳ್ಳದ ಆಚೆಯ ಹೊಲದಲ್ಲಿತ್ತು. ಸೈಕಲ್ ಅಲ್ಲಿಗೆ ಬಿಟ್ಟೆ. ಮೂರು ಕಲ್ಲಿನ ಒಲೆ ಇತ್ತು, ಬೂದಿ ತಣ್ಣಗಿತ್ತು. ಹೊಲದಲ್ಲಿ ಕುರಿ ಮಲಗಿದ ಜಾಗ ಸಾಲಾಗಿ, ಒಂದೊಂದು ರಾತ್ರಿಗೆ ಒಂದೊಂದು ಚೌಕ, ಹಿಕ್ಕೆಯಿಂದ ಕಪ್ಪಗೆ ಕಾಣುತ್ತಿತ್ತು. ಐದು ಚೌಕ. ಎಷ್ಟು ದಿನ ಇದ್ದರೆಂದು ಹೊಲವೇ ಹೇಳುತ್ತಿತ್ತು! ಇಷ್ಟು ದಿನ ಇದೇ ಸೀಮೆಯಲ್ಲಿದ್ದೂ ನಾನಿದನ್ನು ಕಣ್ಣು ಬಿಟ್ಟು ನೋಡಿರಲಿಲ್ಲ. ಹೆದರಿಕೆಯ ನಡುವೆಯೂ ಸೈಕಲ್ ನಿಲ್ಲಿಸಿ ಎಣಿಸಿದೆ.

ಬಾವಿಯ ಹತ್ತಿರ ಒಬ್ಬ ಮುದುಕ ಸಿಕ್ಕ. "ಕುರಿಯವ್ರಾ? ಯಂಕಂಚಿ ಕಡೆ ಹೋದ್ರಪಾ. ಅಲ್ಲೊಬ್ಬ ಗೌಡ ನಾಕು ರಾತ್ರಿ ತರುಬಾಕ ಹೇಳ್ಯಾನ" ಎಂದ. ಅಲ್ಲಿಂದ ಮುಂದಕ್ಕೆ ನಾನು ಯಾರನ್ನೂ ಹೆಚ್ಚು ಕೇಳಬೇಕಾಗಲಿಲ್ಲ. ದಾರಿಯ ಧೂಳಿನಲ್ಲಿ ಇನ್ನೂರು ಕುರಿಯ ಗೊರಸು ಅಚ್ಚಾಗಿತ್ತು, ಬೇಲಿಯ ಮುಳ್ಳಿಗೆ ಉಣ್ಣೆ ಸಿಕ್ಕಿತ್ತು. ನಾನು ಊರಿಗೆಲ್ಲ ಕಾಗದ ಅಂಟಿಸಿ ಓದಿರೆಂದು ಕೂತವನು. ಈಗ ದಾರಿಯನ್ನೇ ಓದಿಕೊಂಡು ಹೋಗುತ್ತಿದ್ದೆ.

ಬಿಸಿಲೇರುವ ಹೊತ್ತಿಗೆ ಬೇವಿನ ಮರದ ಕೆಳಗೆ ಅವಳು ಕಂಡಳು. ರೊಟ್ಟಿ ಬಡಿಯುತ್ತಿದ್ದಳು. ಗಂಡ ಮರಿಗಳಿಗೆ ನೀರು ಕುಡಿಸುತ್ತಿದ್ದ. ಆರೋಗ್ಯವಾಗಿದ್ದಾಳೆಂದು ಕಂಡು ಒಮ್ಮೆಲೆ ಸಂತೋಷ, ಒಮ್ಮೆಲೆ ಸಿಟ್ಟು.

"ಯಾಕ ಬರಲಿಲ್ಲ ತಂಗೆವ್ವಾ? ಎರಡು ದಿನ ಆತು!"

ಅವಳು ಆಶ್ಚರ್ಯದಿಂದ ನೋಡಿದಳು. "ಬಾಗಲಾ ಹಾಕ್ತಾರಂತ ಡಂಗುರ ಸಾರಿದ್ರಲ್ರಿ. ಜೀವಕ್ಕ ಬಂದವ್ರು ಸಿಂದಗಿಗೆ ಅಂದ್ರು. ನನ್ನ ಜೀವಕ್ಕ ಏನಾಗೇತ್ರಿ? ಗಾಯನೂ ಮಾಯ್ದೈತಿ. ಉಳದವ್ರು ತಡೀರಿ ಅಂದ್ರು, ತಡದೇನಿ." ಸೊಂಟದಿಂದ ದಾರ ತೆಗೆದು ತೋರಿಸಿದಳು. "ಆರ ಆಗ್ಯಾವ, ಎಂಟ ಉಳದಾವ. ನೀವು ಬಾಗಲಾ ತಗದ ಮ್ಯಾಲ ಬಂದು ಹಾಕಿಸಿಕೊಂತೇನಿ. ಎಣಿಕಿ ತಪ್ಪೂದಿಲ್ರಿ, ನೋಡ್ರಿ, ದಾರ ಇಟ್ಟೇನಿ."

ಅವಳ ಎಣಿಕೆ ಸರಿಯಿತ್ತು. ಹದಿನಾಲ್ಕು ಅಂದಿದ್ದೆವು, ಅದು ಬಿಡದೆ ಬರಬೇಕಾದ ಹದಿನಾಲ್ಕು ದಿನ ಎಂಬುದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ನಾಲ್ಕು ರಾತ್ರಿ ಒಂದು ಹೊಲ, ನಡುವೆ ಬಿಟ್ಟು ಮತ್ತೆ ನಾಲ್ಕು ರಾತ್ರಿ, ಅವರ ಕಸುಬಿನಲ್ಲಿ ಬಾಕಿ ಯಾವಾಗ ಮುಗಿಸಿದರೂ ನಡೆಯುತ್ತದೆ.

"ಹಂಗಲ್ಲವ್ವ" ಎಂದು ಕೂತು ಹೇಳಿದೆ. ಮಧ್ಯೆ ಬಿಟ್ಟರೆ ಏನಾಗಬಹುದೆಂದು ಹೇಳಿದೆ. ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

"ಹಂಗಾರ ಇದನ್ನ ಸಾರಬೇಕಿತ್ತಲ್ರಿ. ನೋಟೀಸ ಅಂಟಿಸೀರಂತ, ಅದರಾಗರ ಬರದೀರೇನು?"

ನನಗೆ ನೋಟೀಸು ಬಾಯಿಪಾಠವಿತ್ತು. ಜಂಬ ಇನ್ನೂ ಇಳಿದಿರಲಿಲ್ಲ, ಒಂದೊಂದೇ ಸಾಲು ಹೇಳಿದೆ. ಹೆರಿಗೆಯವರು, ಹಾವು ಕಡಿದವರು, ಗಾಯಗೊಂಡವರು, ವಾಂತಿಭೇದಿಯವರು. ಅವಳು ಕಣ್ಣು ಮುಚ್ಚಿ, ಪೂರ್ತಿ ಕೇಳಿದಳು. ಆಮೇಲೆ ಕೇಳಿದಳು:

"ಬಸುರ್ಯಾರು ಅದಾರ, ಹಾಂವ ಕಡದವ್ರು ಅದಾರ. ಇದರಾಗ ನಾ ಎಲ್ಲಿ ಅದೇನ್ರಿ?"

ಉತ್ತರ ನನ್ನ ಕಿಸೆಯಲ್ಲಿತ್ತು. ತೆಗೆದು ಕೊಟ್ಟೆ. "ಇದು ನಿನ್ನ ಚೀಟಿ. ಸಿಂದಗಿಯಾಗ ಇದನ್ನ ತೋರಸು. ಡಾಕ್ಟರು ಕಳಿಸ್ಯಾರ" ಎಂದೆ. ಯಾವಾಗ ಬರೆದದ್ದೆಂದು ಹೇಳಲಿಲ್ಲ. ಅವಳು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಒಮ್ಮೆ ನನ್ನ ಕೈ ನೋಡಿ, ಮಡಚಿ ಸೆರಗಿಗೆ ಕಟ್ಟಿಕೊಂಡಳು.

ಗಂಡ ಅಡ್ಡ ಬಂದ. ಇವತ್ತಿನ ಮಟ್ಟಿಗೆ ಕಳಿಸುತ್ತೇನೆ, ದಿನಾ ಹೇಗೆ ಎಂಬುದು ಅವನ ಪ್ರಶ್ನೆ. ಸಿಂದಗಿ ಇಲ್ಲಿಂದ ದೂರ. ಅಲ್ಲಿ ಅವಳಿಗೆ ಗುರುತಿನವರು ಯಾರೂ ಇಲ್ಲ. ಎಳೆಮರಿ ನೋಡುವವಳು ಅವಳೊಬ್ಬಳೇ. ಹಿಂಡು ಅತ್ತ ಹೊಡೆಯೋಣವೆಂದರೆ ಇಲ್ಲಿಯ ಗೌಡನಿಗೆ ನಾಲ್ಕು ರಾತ್ರಿಯ ಮಾತು ಕೊಟ್ಟಾಗಿದೆ, ಎರಡೇ ಆಗಿದೆ. "ಮಾತು ತಪ್ಪಿದ ಕುರಿಗಾರನ್ನ ಮುಂದಿನ ವರ್ಷ ಯಾರೂ ಹೊಲಕ್ಕ ಕರಿಯೂದಿಲ್ರಿ" ಎಂದ.

ಆಗ ನನಗೆ ಹೊಳೆಯಿತು. ರೋಗಿಯನ್ನು ಆಸ್ಪತ್ರೆಯ ಬಳಿಗೆ ಒಯ್ಯಲು ನಮ್ಮ ನೋಟೀಸಿನಲ್ಲಿ ಬಸ್ಸಿನ ವೇಳೆ ಇತ್ತು. ಇವರು ಬಸ್ಸಿನ ಮೇಲೆ ಹೋಗುವವರಲ್ಲ. ಇವರು ಹೊಲದ ಮೇಲೆ ಹೋಗುವವರು. ಹೊಲದವರು ಕರೆದರೆ ಸರಿ, ಎತ್ತ ಬೇಕಾದರೂ ಹೋಗುತ್ತಾರೆ. ನನ್ನ ಅಣ್ಣನ ಆರು ಎಕರೆ ಹೊಲ ಸಿಂದಗಿಗೆ ಒಂದೂವರೆ ಮೈಲಿಯಲ್ಲಿತ್ತು, ಬಾವಿಯೂ ಇತ್ತು.

"ನಮ್ಮ ಅಣ್ಣನ ಹೊಲದಾಗ ಎಂಟು ರಾತ್ರಿ ತರುಬ್ರಿ. ನಾ ಕರ್ಯಾಕತ್ತೇನಿ" ಎಂದೆ. ಅಣ್ಣನನ್ನು ಕೇಳಿರಲಿಲ್ಲ.

ಗೌಡನ ಮನೆಗೆ ನಾನೇ ಹೋದೆ. ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಜಗಳ ಆಡಲು ಸಜ್ಜಾಗಿ ಹೋದ ನನ್ನ ಮಾತನ್ನು ಅವನು ಅರ್ಧಕ್ಕೇ ತಡೆದ. "ಹುಚನಾಯಿ ಕಡದೈತಂತ ಇಷ್ಟು ಮಾತ್ಯಾಕೋ ಮಾರಾಯಾ? ಮೊದಲ ಜೀವ, ಆಮ್ಯಾಲ ಗೊಬ್ಬರ. ಎರಡು ರಾತ್ರಿ ಬರೂ ವರ್ಷಕ್ಕ ಇರಲಿ, ಹೋಗಂತ ಹೇಳು" ಎಂದ. ಒಂದು ಸೇರು ಬೆಲ್ಲವನ್ನೂ ಕೊಟ್ಟ.

ಅವಳನ್ನು ಸೈಕಲ್ ಹಿಂದೆ ಕೂರಿಸಿಕೊಂಡು ರಸ್ತೆಯವರೆಗೆ, ಅಲ್ಲಿಂದ ಬಸ್ಸಿನಲ್ಲಿ ಸಿಂದಗಿ. ಆಸ್ಪತ್ರೆಯ ಡಾಕ್ಟರು ಕಾಗದ ಓದಿ, ತಪ್ಪಿದ ಎರಡು ದಿನಕ್ಕಾಗಿ ಗೊಣಗಿ, ಏಳನೆಯದನ್ನು ಹಾಕಿಸಿದರು. ಉಳಿದ ಏಳು ಬಿಡದೆ ಹಾಕಿಸಿಕೊಳ್ಳಬೇಕು, ಬಿಸಿಲಲ್ಲಿ ಹೆಚ್ಚು ದಣಿಯಬಾರದು ಎಂದರು. "ಸಾಕಾಗ್ತದೇನ್ರಿ ಸರ್?" ಎಂದು ನಾನು ಹೊರಗೆ ನಿಂತು ಕೇಳಿದೆ. "ಕಾದು ನೋಡಬೇಕು" ಎಂದರು. ಎಷ್ಟು ದಿನ ಎಂದೆ. ತಿಂಗಳುಗಟ್ಟಲೆ ಎಂದರು.

ಅಣ್ಣ ಮೊದಲು ನನ್ನನ್ನು ಬೈದ. ಇನ್ನೂರು ಕುರಿ ಹೊಲಕ್ಕೆ ಇಳಿದದ್ದು ಕಂಡ ಮೇಲೆ ತಾನೇ ಕರೆಸಿದವನಂತೆ ಓಡಾಡಿದ. ಹಿಂಡು ಬಂದದ್ದು ಮರುದಿನ ಸಂಜೆ, ಅಲ್ಲಿಯವರೆಗೆ ಅವಳು ಅಣ್ಣನ ಮನೆಯಲ್ಲೇ ಉಳಿದಿದ್ದಳು. ಅವಳು ದಿನಾ ಮುಂಜಾನೆ ತಂಪಿನಲ್ಲಿ ನಡೆದು ಹೋಗಿ ಬರುತ್ತಿದ್ದಳು. ಬಸ್ಸಿನ ಕಂಡಕ್ಟರ್ ದಿನಾ ಸಂಜೆ ಕಿಟಕಿಯಿಂದ ಬೆರಳು ಎತ್ತಿ ತೋರಿಸುತ್ತಿದ್ದ, ಇವತ್ತು ಮೂರು ಜನ ಬಂದರು ಅಂತ. ಹದಿನಾಲ್ಕು ಮುಗಿದ ಮೇಲೆ ಹಿಂಡು ಹೋಯಿತು.

ಮಳೆಗಾಲದ ಮೊದಲು ದವಾಖಾನೆಗೆ ಹೊಸ ಛತ್ತು ಬಂತು. ಬಾಗಿಲು ತೆರೆಯುವ ನೋಟೀಸನ್ನೂ ನಾನೇ ಬರೆದೆ, ಮೂರು ಸಾಲು. ವಾಲಿಕಾರನಿಗೆ ಕೊಡುವಾಗ ಅವನ ಮುಖ ನೋಡಲಾಗಲಿಲ್ಲ. ಊರವರು ಆಗಲೇ ಅವನನ್ನು "ನಿನ್ನ ಡಂಗುರ ಕೇಳಿದವ್ರು ಸತ್ತಾರು" ಎಂದು ಹಂಗಿಸಲು ಕಲಿತಿದ್ದರು. ಆ ಮಾತು ಹುಟ್ಟಿದ್ದು ನನ್ನ ಬಾಯಿಂದ.

ಆ ವರ್ಷವೆಲ್ಲ ನಾನು ಸಂತೆಯಲ್ಲಿ ಕುರಿಗಾರರು ಕಂಡರೆ ಸಾಕು, ನಿಲ್ಲಿಸಿ ಕೇಳುತ್ತಿದ್ದೆ. ಇಂಥ ಹಿಂಡು ಕಂಡಿರಾ, ಅದರಲ್ಲಿ ಒಬ್ಬ ಹೆಣ್ಣುಮಗಳು ಇದ್ದಳೇ? ಬಸವನ ಬಾಗೇವಾಡಿ ಕಡೆ ಕಂಡೆವು ಅನ್ನುವರು, ಇಂಡಿ ಕಡೆ ಹೋದರು ಅನ್ನುವರು. ಹಿಂಡು ಕಂಡವರಿಗೆ ಹೆಂಗಸು ಕಂಡಿರುತ್ತಿರಲಿಲ್ಲ. ಹೆಂಡತಿ ಕೇಳಿದಳು, "ಯಾವ ಕುರಿ ಕಳಕೊಂಡೀರಿ ನೀವು?"

ಮರುವರ್ಷ ಜೋಳದ ಸುಗ್ಗಿ ಮುಗಿದಿತ್ತು. ದವಾಖಾನೆಯಲ್ಲಿ ಬಾಟಲಿಗೆ ಪಟ್ಟಿ ಅಂಟಿಸುತ್ತಿದ್ದೆ. ಹೊರಗೆ ಕುರಿಗಳ ಸದ್ದು ಕೇಳಿತು. ಅಂಟು ಹಚ್ಚಿದ ಕೈಯಲ್ಲೇ ಓಡಿದೆ. ಮೊದಲು ಗಂಡ ಕಂಡ, ಆಮೇಲೆ ಮಾವ, ಆಮೇಲೆ ಕುರಿ, ಕುರಿ, ಕುರಿ. ಧೂಳಿನಲ್ಲಿ ಏನೂ ಕಾಣದು. ಕೊನೆಯ ಕುರಿಯ ಹಿಂದೆ, ಒಂದು ಮರಿಯನ್ನು ಬಗಲಲ್ಲಿ ಎತ್ತಿಕೊಂಡು ಅವಳು ಬಂದಳು. ನನ್ನ ಕಣ್ಣಲ್ಲಿ ನೀರು ಬಂತು. ನಾಚಿಕೆಯಿಲ್ಲದೆ ಒರೆಸಿಕೊಂಡೆ.

"ಈ ವರ್ಷ ಬಾಗಲಾ ಹಾಕೂದಿಲ್ಲಲ್ರಿ ಸಾಹೇಬ್ರ?" ಎಂದು ನಕ್ಕಳು.

ಅವಳ ಕಾಲ ಹತ್ತಿರ ಹೊಸ ನಾಯಿಮರಿ. ಅದರ ಕೊರಳಲ್ಲಿ ಆ ಕರಿ ದಾರ. ನಾನು ಬಗ್ಗಿ ಮುಟ್ಟಿ ನೋಡಿದೆ. ಆರು ಗಂಟು, ಆಮೇಲೆ ಎರಡು ಬೆರಳಿನಷ್ಟು ಖಾಲಿ, ಆಮೇಲೆ ಎಂಟು ಗಂಟು.

ಅಲ್ಲಿ ನನಗೆ ತಡೆಯಲಾಗಲಿಲ್ಲ. "ತಂಗೆವ್ವಾ, ವಾಲಿಕಾರಂದು ತಪ್ಪಿಲ್ಲ. ಆ ಚೀಟಿ..." ಎಂದೆ.

"ನಿಮ್ಮ ಕಿಸೆದಾಗ ಉಳದಿತ್ತು. ನನಗ ಅವತ್ತ ಗೊತ್ತಾಗೇತ್ರಿ."

"ಓದಾಕ ಬರೂದಿಲ್ಲ ನಿನಗ!"

"ಅಕ್ಷರ ಓದಾಕ ಬರೂದಿಲ್ರಿ. ಚೀಟಿ ಮ್ಯಾಲ ನಿಮ್ಮ ನೇರಳಿ ಬೆರಳ ಮೂಡಿತ್ತು, ಹಸೀ ಕೈಲಿ ಹಿಡದಂಗ. ಬುಧವಾರ ನಿಮ್ಮ ಕೈ ಒಣಗಿತ್ತು. ಹಸೀ ಇದ್ದದ್ದು ಐತಾರ, ಆರನೇ ಸೂಜಿ ದಿನ, ನಾ ನಿಮ್ಮ ಮುಂದನ ನಿಂತಿದ್ದೆ."

"ಮತ್ತ ಅವತ್ತ ಯಾಕ ಅನಲಿಲ್ಲ?"

"ಹುಡುಕಿಕೊಂಡು ಬಂದಿದ್ರಿ. ಬಿಸಿಲಾಗ ಬೆವತು ನಿಂತಿದ್ರಿ. ಏನ್ ಅನಬೇಕ್ರಿ?" ಮರಿಯನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡಳು. "ಆದ್ರ ಆ ಹಲಗಿ ಬಾರ್ಸಾಂವ ಪಾಪ. ನಿನ್ನಿ ಹಳ್ಳದ ಕಡೆ ಸಿಕ್ಕಿದ್ದ. ನನ್ನ ನೋಡಿ ಕೈ ಮುಗದು, ನೀ ಜೀವಂತ ಅದಿಯಲ್ಲವ್ವಾ, ಅಂತ ಅತ್ತಾನ್ರಿ. ಅಂವಗ ಯಾರೂ ಹೇಳಿಲ್ಲೇನ್ರಿ?"

ಅವಳು ಕುರಿಗಳ ಹಿಂದೆ ಹೋದಳು. ನಾನು ಒಳಗೆ ಬಂದು ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು, "ನನಗೆ ಹೇಳಿದ್ರೆ ಏನು ಬಂತು? ಬೈದದ್ದು ಚಾವಡಿ ಮುಂದೆ ಅಲ್ವೇ?" ಎಂದಷ್ಟೇ ಅಂದರು.

ಮರುದಿನ ಸಂತೆ. ಚಾವಡಿಯ ಮುಂದೆ ಜನ ಸೇರಿದ್ದ ಹೊತ್ತಿನಲ್ಲಿ ವಾಲಿಕಾರನ ಹತ್ತಿರ ಹೋಗಿ, ಸ್ವಲ್ಪ ಹಲಗೆ ಬಾರಿಸು ಎಂದೆ. ಏನು ಸಾರಬೇಕೆಂದು ಕೇಳಿದ. ನೀನಲ್ಲ, ನಾನು ಸಾರುತ್ತೇನೆ ಎಂದೆ. ಅವನು ಬಾರಿಸಿದ, ಜನ ತಿರುಗಿ ನೋಡಿದರು. ಹೇಳಬೇಕಾದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಅಷ್ಟೂ ಹೊತ್ತು ಒಬ್ಬರೂ ಎಮ್ಮೆಯ ಹಿಂದೆ ಹೋಗಲಿಲ್ಲ.